145.600ರಲ್ಲಿ ಯಾರೂ ಆಡದ ಮಾತು: ಒಂದು ಪ್ರೀಆಂಪ್‌ನ ಐಪಿ3 ಪ್ರಕರಣ

ಮಡಿಕೇರಿಯಿಂದ ಮಕ್ಕಂದೂರಿನ ಮೇಲೆ ಸೋಮವಾರಪೇಟೆಗೆ ಹೋಗುವ ರಸ್ತೆ ಇದೆ ಅಲ್ವಾ, ಆ ಕಡೆಯ ಒಂದು ಕಾಫಿ ತೋಟ. ಮಾಲೀಕರು ಲೈಸೆನ್ಸ್ ಇರುವ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು. 2018ರ ಆಗಸ್ಟಿನಲ್ಲಿ ಅಲ್ಲಿನ ಗುಡ್ಡಗಳು ಕುಸಿದಾಗ ರಸ್ತೆ, ಕರೆಂಟು, ಫೋನು ಮೂರೂ ಕೈಕೊಟ್ಟಿದ್ದವು. ಅದಾದ ಮೇಲೆ ಮನೆಯಲ್ಲಿ ಎರಡು ಮೀಟರ್ ಬ್ಯಾಂಡಿನ ಒಂದು ಸೆಟ್ ಯಾವಾಗಲೂ ತಯಾರಿರಬೇಕು ಎಂದು ಅವರು ಹಟ ಹಿಡಿದರು. ನಮ್ಮ ದೇಶದಲ್ಲಿ ಈ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್‌ವರೆಗೆ. ಅವರಿಗೆ ಬೇಕಾಗಿದ್ದು ಬಂದ ಮಾತನ್ನು ಮತ್ತೆ ಬಲವಾಗಿ ಪ್ರಸಾರ ಮಾಡುವ ದೂರದ ಒಂದು ರಿಪೀಟರ್, 145.600 ಮೆಗಾಹರ್ಟ್ಸ್‌ನಲ್ಲಿ. (ಇಲ್ಲಿ ಬರುವ ಆವರ್ತನಗಳನ್ನೆಲ್ಲ ಸ್ವಲ್ಪ ಬದಲಿಸಿದ್ದೇನೆ. ಅವುಗಳ ನಡುವಿನ ಲೆಕ್ಕ ಮಾತ್ರ ನಡೆದದ್ದೇ.)

ರಿಪೀಟರ್ ಕೇಳುತ್ತಿತ್ತು, ಆದರೆ ಕರಕರ ಸದ್ದಿನ ನಡುವೆ. ಆಂಟೆನಾದಲ್ಲಿ ಅದರ ಮಟ್ಟ ಸುಮಾರು −115 ಡಿಬಿಎಂ, ಅಂದರೆ ಒಂದು ಮಿಲಿವಾಟ್‌ಗಿಂತ 115 ಡೆಸಿಬೆಲ್ ಕೆಳಗೆ. ಕೇಬಲ್ಲಿನಲ್ಲಿ 3 ಡಿಬಿ ನಷ್ಟ, ರಿಸೀವರ್‌ನ ನಾಯ್ಸ್ ಫಿಗರ್, ಅಂದರೆ ಅದು ತಾನೇ ಸೇರಿಸುವ ಗದ್ದಲದ ಅಳತೆ, 6 ಡಿಬಿ. ಎರಡೂ ಸೇರಿ 9. 12.5 ಕಿಲೋಹರ್ಟ್ಸ್ ಅಗಲದ ಚಾನೆಲ್ಲಿನಲ್ಲಿ ಗದ್ದಲದ ಮಟ್ಟ ಆಗ −124 ಡಿಬಿಎಂ ಹತ್ತಿರ ಬರುತ್ತದೆ. ಸಿಗ್ನಲ್ ಅದಕ್ಕಿಂತ ಬರೀ 9 ಡಿಬಿ ಮೇಲೆ. ಎಫ್‌ಎಂ ಮಾತು ಸ್ಪಷ್ಟವಾಗಿ ಕೇಳುವುದಕ್ಕೂ ಒಡೆದುಹೋಗುವುದಕ್ಕೂ ನಡುವಿನ ಗಡಿ ಇರುವುದು ಸುಮಾರು ಅಲ್ಲೇ.

ಪರಿಹಾರ ಸುಲಭ ಅನ್ನಿಸಿತು: ಕಂಬದ ತುದಿಯಲ್ಲಿ, ಆಂಟೆನಾದ ಬುಡದಲ್ಲೇ, ಸಿಗ್ನಲನ್ನು ಮೊದಲೇ ಹಿಗ್ಗಿಸಿ ಕೊಡುವ ಒಂದು ಪ್ರೀಆಂಪ್. ಕೊಂಡ ಪೆಟ್ಟಿಗೆಯ ಮೇಲೆ ಹೀಗೆ ಬರೆದಿತ್ತು: ಗೇನ್ 22 ಡಿಬಿ, ನಾಯ್ಸ್ ಫಿಗರ್ 1 ಡಿಬಿ, ಐಪಿ3 +22 ಡಿಬಿಎಂ. ಐಪಿ3 ಎಂದರೆ ಬಲವಾದ ಸಿಗ್ನಲ್‌ಗಳು ಒಟ್ಟಿಗೆ ಬಂದಾಗ ಅವನ್ನು ಕಲೆಸದೆ ತಡೆದುಕೊಳ್ಳುವ ಶಕ್ತಿಯ ಅಳತೆ, ವಿವರ ಮುಂದೆ ಬರುತ್ತದೆ. ಇದನ್ನು ಹಾಕಿದರೆ ಗದ್ದಲ −132ಕ್ಕೆ ಇಳಿಯಬೇಕು, ರಿಪೀಟರ್ ಅದಕ್ಕಿಂತ 17 ಡಿಬಿ ಮೇಲೆ ಬರಬೇಕು. ಹಾಕಿದರು. ಬೆಳಿಗ್ಗೆ ಬೇಗ, ರಾತ್ರಿ ಹೊತ್ತು, ಎಲ್ಲ ಸೊಗಸಾಗಿ ಕೇಳಿತು. ಕೆಲಸದ ಹೊತ್ತಿನಲ್ಲಿ ಮಾತ್ರ 145.600ರಲ್ಲಿ ಯಾರ್ಯಾರದೋ ಮಾತು ನುಗ್ಗತೊಡಗಿತು. ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್ ಒಂಬತ್ತನ್ನೂ ದಾಟಿ 20 ಡಿಬಿ ಮೇಲಕ್ಕೆ ಜಿಗಿಯುತ್ತಿತ್ತು. ಒಂದು ದನಿ ತಕ್ಕಮಟ್ಟಿಗೆ ಸರಿ, ಇನ್ನೊಂದು ಗಡಸಾಗಿ ಒಡೆದ ದನಿ. ಇಬ್ಬರೂ ಹ್ಯಾಮ್‌ಗಳಲ್ಲ. ಅವರು ಏನು ಮಾತಾಡಿದರು ಅನ್ನುವುದು ನಮಗೆ ಸಂಬಂಧವಿಲ್ಲದ ವಿಷಯ, ಅದನ್ನು ಇಲ್ಲಿಗೇ ಬಿಡೋಣ.

"ಯಾರೋ ನಮ್ಮ ಚಾನೆಲ್ಲಿಗೇ ಬಂದು ಕೂತಿದ್ದಾರೆ ಸರ್, ದೂರು ಕೊಡೋದೇ" ಎಂದು ಮಾಲೀಕರು ನನಗೆ ಫೋನ್ ಮಾಡಿದರು. ಅವರ ಅಕ್ಕನ ಮಗ, ಕಂಬ ಹತ್ತುವ ಕೆಲಸವೆಲ್ಲ ಅವನದೇ, ಪಕ್ಕದಿಂದ ಹೇಳಿದ: "ಮಾವ, ಕೈಯಲ್ಲಿರೋ ಸಣ್ಣ ಸೆಟ್ಟಲ್ಲಿ ಅದೇ ಚಾನೆಲ್ ಹಾಕಿದ್ರೆ ಏನೂ ಬರ್ತಿಲ್ಲ." ನನಗೆ ಆ ಮಾತೇ ಮುಖ್ಯ ಅನ್ನಿಸಿತು.

ಅದಕ್ಕೆ ಕಾರಣವಿದೆ. ಎಸ್-ಮೀಟರ್ ಒಂಬತ್ತು ಎಂದರೆ ವಿಎಚ್‌ಎಫ್‌ನಲ್ಲಿ ಸುಮಾರು −93 ಡಿಬಿಎಂ, ಅದರ ಮೇಲೆ 20 ಎಂದರೆ −73. ಪ್ರೀಆಂಪ್ ಗೇನ್‌ನಲ್ಲಿ ಕೇಬಲ್ ನಷ್ಟ ಹೋಗಿ ಉಳಿಯುವ 19 ಡಿಬಿ ಕಳೆದರೆ ಆಂಟೆನಾದಲ್ಲಿ −92. ಅಷ್ಟು ಬಲದ ಸಿಗ್ನಲ್ ನಿಜಕ್ಕೂ ಗಾಳಿಯಲ್ಲಿದ್ದರೆ ಅಂಗಳದಲ್ಲಿ ನಿಂತು ಕೈಸೆಟ್‌ನಲ್ಲೂ ಕೇಳಬೇಕು. ಕೇಳದಿದ್ದರೆ ಆ ಸಿಗ್ನಲ್ ನಮ್ಮ ಆಂಟೆನಾದ ಆಚೆ ಇಲ್ಲದೆಯೇ ಇರಬಹುದು. ನಮ್ಮ ಪೆಟ್ಟಿಗೆಯೊಳಗೇ ಹುಟ್ಟುತ್ತಿರಬಹುದು.

ಎರಡು ದನಿ ಸೇರಿದಾಗ ಆಗುವುದೇನು

ಎದುರು ಗುಡ್ಡದಲ್ಲಿ, ಗಾಳಿಯ ದಾರಿಯಲ್ಲಿ ಸುಮಾರು 2 ಕಿಲೋಮೀಟರ್ ದೂರದಲ್ಲಿ, ಒಂದು ಟವರ್ ಇದೆ. ಅದರ ಮೇಲೆ ಎರಡು ವಿಎಚ್‌ಎಫ್ ಟ್ರಾನ್ಸ್‌ಮಿಟರ್‌ಗಳು, ಬೇರೆ ಬೇರೆ ಬಳಕೆದಾರರವು, ಎರಡೂ ಲೈಸೆನ್ಸ್ ಪ್ರಕಾರವೇ ನಡೆಯುತ್ತಿದ್ದವು. ಒಂದು 150.250, ಇನ್ನೊಂದು 154.900 ಮೆಗಾಹರ್ಟ್ಸ್. ಮೊದಲನೆಯದನ್ನು ದುಪ್ಪಟ್ಟು ಮಾಡಿ ಎರಡನೆಯದನ್ನು ಕಳೆಯಿರಿ:

```
2·f1 − f2 = 2 × 150.250 − 154.900 = 145.600 MHz
```

ಸರಿಯಾಗಿ ನಮ್ಮ ಚಾನೆಲ್. ಇಂಥ ಹೊಂದಾಣಿಕೆ ಕಾಕತಾಳೀಯವೂ ಆಗಿರಬಹುದು, ಹಾಗಾಗಿ ಇದೊಂದನ್ನೇ ನಂಬಿ ತೀರ್ಪು ಕೊಡುವ ಹಾಗಿಲ್ಲ. ಆದರೆ ಹೀಗೆ ಯಾಕಾಗುತ್ತದೆ ಅನ್ನುವುದು ಗೊತ್ತಿದ್ದರೆ ಮುಂದೆ ಯಾವ ಪರೀಕ್ಷೆ ಮಾಡಬೇಕು ಅನ್ನುವುದೂ ಹೊಳೆಯುತ್ತದೆ.

ಆದರ್ಶ ಆಂಪ್ಲಿಫೈಯರ್ ಒಳಗೆ ಬಂದದ್ದನ್ನು ಒಂದು ಸಂಖ್ಯೆಯಿಂದ ಗುಣಿಸಿ ಹೊರಗೆ ಬಿಡಬೇಕು, ಅಷ್ಟೆ. ನಿಜವಾದ ಟ್ರಾನ್ಸಿಸ್ಟರ್ ಹಾಗಿಲ್ಲ. ಅದರ ಗೆರೆ ಸ್ವಲ್ಪ ಬಾಗಿರುತ್ತದೆ. ಆ ಬಾಗನ್ನು ಹೀಗೆ ಬರೆಯುತ್ತಾರೆ:

```
vout = a1·v + a2·v² + a3·v³
```

ಒಂದೇ ದನಿ, ಅಂದರೆ ಒಂದೇ ಆವರ್ತನದ ಸಿಗ್ನಲ್, ಹೋದಾಗ ವರ್ಗದ ಪದ ಅದರ ಎರಡರಷ್ಟು ಆವರ್ತನವನ್ನೂ ಘನದ ಪದ ಮೂರರಷ್ಟನ್ನೂ ಹುಟ್ಟಿಸುತ್ತವೆ. 300, 450 ಮೆಗಾಹರ್ಟ್ಸ್ ನಮ್ಮಿಂದ ಬಹಳ ದೂರ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡು ದನಿ ಒಟ್ಟಿಗೆ ಹೋದಾಗ ವರ್ಗದ ಪದ ಅವುಗಳ ಮೊತ್ತ, ವ್ಯತ್ಯಾಸಗಳನ್ನೂ ಕೊಡುತ್ತದೆ: 305.150 ಮತ್ತು 4.650. ಇವೂ ದೂರ, ಯಾವ ಸಾಧಾರಣ ಫಿಲ್ಟರ್ ಆದರೂ ತಡೆಯುತ್ತದೆ. ತೊಂದರೆ ಕೊಡುವುದು ಘನದ ಪದವೇ. v³ ಎಂದರೆ ಮೂರು ಸಲ ಗುಣಾಕಾರ. ಅದರಲ್ಲಿ ಎರಡು ಸಲ ಮೊದಲ ದನಿ, ಒಂದು ಸಲ ಎರಡನೆಯ ದನಿ ಬಂದರೆ 2f1−f2 ಹುಟ್ಟುತ್ತದೆ. ತಿರುವುಮುರುವಾದರೆ 2f2−f1, ಇಲ್ಲಿ 159.550. ಈ ಎರಡೂ ಮೂಲ ದನಿಗಳ ಅಕ್ಕಪಕ್ಕದಲ್ಲೇ ಬಂದು ಕೂರುತ್ತವೆ. ಬಂದ ಮೇಲೆ ನಮ್ಮ ಚಾನೆಲ್ಲಿನೊಳಗೇ ಇರುವ ಸಿಗ್ನಲ್ ಅದು. ಮುಂದೆ ಎಂಥ ಫಿಲ್ಟರ್ ಹಾಕಿದರೂ ಅದನ್ನು ರಿಪೀಟರ್‌ನಿಂದ ಬೇರೆ ಮಾಡಲು ಆಗುವುದಿಲ್ಲ.

ಇದೇ ಗುಣಾಕಾರದಿಂದ ಇನ್ನೊಂದು ವಿಷಯವೂ ಸಿಗುತ್ತದೆ. ಎರಡೂ ದನಿಗಳ ಬಲ 1 ಡಿಬಿ ಏರಿದರೆ ಮೂಲ ದನಿಗಳು ಹೊರಗೆ 1 ಡಿಬಿ ಏರುತ್ತವೆ. ಹುಟ್ಟಿದ ಕಲಬೆರಕೆ ಮಾತ್ರ 3 ಡಿಬಿ ಏರುತ್ತದೆ, ಯಾಕೆಂದರೆ ಅದು ಮೂರು ಗುಣಕಗಳ ಫಲ. ಇಳಿಸಿದರೂ ಅಷ್ಟೇ, ಒಂದಕ್ಕೆ ಮೂರು. ಈ ಪ್ರಕರಣ ಬಿಡಿಸಿಕೊಂಡದ್ದು ಪೂರ್ತಿ ಈ ಮೂರರ ಮೇಲೆ.

ಕಾಗದದ ಮೇಲೆ ಡಿಬಿ ಲೆಕ್ಕದಲ್ಲಿ ಗ್ರಾಫ್ ಎಳೆದರೆ ಮೂಲ ದನಿಯದು ಒಂದರ ಏರಿನ ಗೆರೆ, ಕಲಬೆರಕೆಯದು ಮೂರರ ಏರಿನ ಗೆರೆ. ಕೆಳಗೆ ಎರಡೂ ಬಹಳ ದೂರ. ಮೇಲೆ ಹೋಗುತ್ತಾ ಕಡಿದಾದ ಗೆರೆ ಇನ್ನೊಂದನ್ನು ಹಿಡಿಯುತ್ತದೆ. ಅವು ಸೇರುವ ಜಾಗವೇ ಥರ್ಡ್ ಆರ್ಡರ್ ಇಂಟರ್‌ಸೆಪ್ಟ್ ಪಾಯಿಂಟ್, ಬಾಯಿಮಾತಿನಲ್ಲಿ ಐಪಿ3. ಯಾವ ಆಂಪ್ಲಿಫೈಯರೂ ನಿಜವಾಗಿ ಅಲ್ಲಿಗೆ ಮುಟ್ಟುವುದಿಲ್ಲ. ಬರೀ ಘನದ ಬಾಗು ಇರುವ ಆಂಪ್ಲಿಫೈಯರ್ ಅದಕ್ಕೆ 9.6 ಡಿಬಿ ಮುಂಚೆಯೇ ತನ್ನ ಗೇನ್‌ನಲ್ಲಿ 1 ಡಿಬಿ ಕಳೆದುಕೊಂಡಿರುತ್ತದೆ. ಆ ಮೇಲೆ ಎರಡೂ ಗೆರೆ ಬಗ್ಗುತ್ತವೆ. ಆದ್ದರಿಂದ ಕೆಳಗಿನ ಮಟ್ಟದಲ್ಲಿ, ಏರು ಸರಿಯಾಗಿ ಮೂರು ಇರುವ ಕಡೆ ಅಳೆದು, ಗೆರೆಗಳನ್ನು ಮೇಲಕ್ಕೆ ಎಳೆದು ಬಿಂದುವನ್ನು ಲೆಕ್ಕ ಹಾಕಬೇಕು.

ಆ ಬಿಂದುವನ್ನು ಎರಡು ಕಡೆಯಿಂದ ಓದಬಹುದು. ಅದರ ನೇರ ಕೆಳಗೆ ಇನ್‌ಪುಟ್ ಎಷ್ಟು ಎಂದು ನೋಡಿದರೆ ಇನ್‌ಪುಟ್ ಐಪಿ3. ಪಕ್ಕಕ್ಕೆ ತಿರುಗಿ ಔಟ್‌ಪುಟ್ ಎಷ್ಟು ಎಂದು ನೋಡಿದರೆ ಔಟ್‌ಪುಟ್ ಐಪಿ3. ಎರಡಕ್ಕೂ ನಡುವಿನ ಅಂತರ ಗೇನ್‌ನಷ್ಟು. ಆಂಪ್ಲಿಫೈಯರ್ ಮಾರುವವರಿಗೆ ಔಟ್‌ಪುಟ್ ಸಂಖ್ಯೆ ಮೇಲೆ ಪ್ರೀತಿ, ಯಾಕೆಂದರೆ ಅದು ದೊಡ್ಡದು. ರಿಸೀವರ್ ಲೆಕ್ಕ ಹಾಕುವವರಿಗೆ ಬೇಕಾಗುವುದು ಇನ್‌ಪುಟ್ ಸಂಖ್ಯೆ.

ಪೆಟ್ಟಿಗೆಯ ಮೇಲಿನ +22

ಮಾಲೀಕರು ಲೆಕ್ಕದಲ್ಲಿ ಹಿಂದೆ ಬಿದ್ದವರಲ್ಲ. ನಾನು ಹೋಗುವ ಮುಂಚೆಯೇ ಈ ಸೂತ್ರವನ್ನು ಕಾಗದದಲ್ಲಿ ಹಾಕಿಟ್ಟಿದ್ದರು:

```
P_IM3 (ಇನ್‌ಪುಟ್ ಕಡೆಗೆ) = 3·Pin − 2·IIP3
```

P_IM3 ಎಂದರೆ ಹುಟ್ಟುವ ಕಲಬೆರಕೆಯ ಮಟ್ಟ, Pin ಎಂದರೆ ಪ್ರತಿಯೊಂದು ದನಿಯ ಮಟ್ಟ, IIP3 ಎಂದರೆ ಇನ್‌ಪುಟ್ ಐಪಿ3. ಎದುರು ಗುಡ್ಡದ 25 ವಾಟ್ ಎಂದರೆ 44 ಡಿಬಿಎಂ. 2 ಕಿಲೋಮೀಟರ್ ದಾರಿಯಲ್ಲಿ ಸುಮಾರು 82 ಡಿಬಿ ಕಳೆಯುತ್ತದೆ. ಎರಡೂ ಕಡೆಯ ಆಂಟೆನಾ ಗೇನ್ 8 ಡಿಬಿ ಸೇರಿಸಿದರೆ ಕಂಬದ ತುದಿಯಲ್ಲಿ −30 ಡಿಬಿಎಂ. ಅಲ್ಲಿಂದ ಇಲ್ಲಿಗೆ ನಡುವೆ ಕಣಿವೆ ಮಾತ್ರ, ಅಡ್ಡ ಏನೂ ಇಲ್ಲ, ಹಾಗಾಗಿ ಈ ಅಂದಾಜು ನಂಬಬಹುದಾದದ್ದೇ.

ಅವರು IIP3 ಜಾಗದಲ್ಲಿ 22 ಹಾಕಿದ್ದರು. ಮೂರು ಸಲ −30 ಎಂದರೆ −90, ಅದರಿಂದ 44 ಕಳೆದರೆ −134 ಡಿಬಿಎಂ. ಗದ್ದಲದ ಮಟ್ಟವೇ −132. "ನೋಡಿ ಸರ್, ಪ್ರೀಆಂಪ್ ಹುಟ್ಟಿಸೋದು ಗದ್ದಲದೊಳಗೇ ಮುಳುಗಿಹೋಗುತ್ತೆ. ತಪ್ಪು ಅದರದ್ದಲ್ಲ" ಅಂದರು. ಲೆಕ್ಕ ಸರಿ. ಆದರೆ +22 ಯಾವ ಕಡೆಯ ಸಂಖ್ಯೆ ಅನ್ನುವುದು ಪೆಟ್ಟಿಗೆಯ ಮೇಲೆ ಇರಲಿಲ್ಲ. ಅದು ಔಟ್‌ಪುಟ್ ಐಪಿ3 ಆಗಿದ್ದರೆ ಗೇನ್ 22 ಕಳೆದು ಇನ್‌ಪುಟ್ ಐಪಿ3 ಬರೀ 0 ಡಿಬಿಎಂ ಆಗುತ್ತದೆ. ಆಗ ಉತ್ತರ −90 ಡಿಬಿಎಂ. ಎಸ್-ಮೀಟರ್ ತೋರಿಸುತ್ತಿದ್ದದ್ದು ಹತ್ತಿರತ್ತಿರ ಅದನ್ನೇ. ಗೇನ್‌ನಲ್ಲಿ ಇಪ್ಪತ್ತೆರಡರ ಗೊಂದಲ, ಉತ್ತರದಲ್ಲಿ ಅದರ ಎರಡರಷ್ಟು, 44 ಡಿಬಿ ವ್ಯತ್ಯಾಸ. ಒಂದು ಉತ್ತರ ಪ್ರೀಆಂಪನ್ನು ನಿರ್ದೋಷಿ ಅನ್ನುತ್ತದೆ, ಇನ್ನೊಂದು ನೇರವಾಗಿ ಅದರ ಕಡೆಗೇ ಬೆರಳು ತೋರಿಸುತ್ತದೆ.

ಇಷ್ಟಾದರೂ ಇದು ಅನುಮಾನವೇ. ಯಾಕೆಂದರೆ ಇದೇ 2f1−f2 ಇನ್ನೂ ಎರಡು ಕಡೆ ಹುಟ್ಟಬಹುದು. ಒಂದು, ಎದುರು ಟವರಿನಲ್ಲೇ: ಒಂದು ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಇನ್ನೊಂದರ ಆಂಟೆನಾದ ಮೂಲಕ ಅದರ ಕೊನೆಯ ಆಂಪ್ಲಿಫೈಯರ್‌ಗೆ ನುಗ್ಗಿ, ಅಲ್ಲಿ ಕಲೆತು, ನಿಜವಾಗಿಯೇ ಗಾಳಿಗೆ ಬರುವುದು. ಇನ್ನೊಂದು, ತುಕ್ಕು. ಎರಡು ಲೋಹದ ನಡುವೆ ತುಕ್ಕಿನ ಪದರ ಕೂತರೆ ಅದೂ ಡಯೋಡಿನ ಹಾಗೆ ವರ್ತಿಸುತ್ತದೆ, ಬಲವಾದ ಎರಡು ಸಿಗ್ನಲ್ ಸಿಕ್ಕರೆ ಕಲೆಸಿ ಮತ್ತೆ ಹೊರಗೆ ಬೀರುತ್ತದೆ. ಕೊಡಗಿನ ಮಳೆಯಲ್ಲಿ ತುಕ್ಕಿಗೆ ಬರವೇ? ಆ ಮನೆಗೆ ತಗಡಿನ ಮಾಡು, ಕಂಬಕ್ಕೆ ಹಳೆಯ ಸ್ಟೇ ತಂತಿ, ಕಾಫಿ ಒಣಗಿಸುವ ಕಣದ ಪಕ್ಕ ಹಳೇ ಕಬ್ಬಿಣದ ರಾಶಿ. ಅಕ್ಕನ ಮಗ ಆಗಲೇ ಕ್ಲಾಂಪುಗಳನ್ನು ಉಜ್ಜಲು ಶುರು ಮಾಡಿದ್ದ.

ಆರು ಡಿಬಿಯ ಪರೀಕ್ಷೆ

ಮೊದಲು ಕಿವಿಯಿಂದಲೇ ಗೊತ್ತಾಗುವುದನ್ನು ನೋಡಿದೆವು. ಕೈಸೆಟ್ಟಿನಲ್ಲಿ 150.250 ಹಾಕಿ ಅದರ ಮೇಲೆ ಕಣ್ಣಿಟ್ಟೆವು, ಇನ್ನೊಂದರಲ್ಲಿ 154.900. ಎರಡೂ ಒಟ್ಟಿಗೆ ಇದ್ದಾಗ ಮಾತ್ರ 145.600ರಲ್ಲಿ ಮಾತು. ಯಾವುದಾದರೂ ಒಂದು ಬಟನ್ ಬಿಟ್ಟರೂ ಅದೇ ಕ್ಷಣ ಮಾಯ. ಬರೀ ಒಂದೇ ಸಿಗ್ನಲ್ ಚಾನೆಲ್ಲಿಗೆ ನುಗ್ಗುವ ಪ್ರಕರಣ ಹೀಗಿರುವುದಿಲ್ಲ. ಒಡೆದ ದನಿ ಯಾರದ್ದು ಅನ್ನುವುದೂ ತಿಳಿಯಿತು: 150.250ರದ್ದು. 2f1−f2ನಲ್ಲಿ f1 ಎರಡು ಸಲ ಬರುವುದರಿಂದ ಅದರ ಎಫ್‌ಎಂ ಡೀವಿಯೇಶನ್, ಅಂದರೆ ಮಾತಿನ ಜೊತೆ ಆವರ್ತನ ಅತ್ತಿತ್ತ ಓಡುವ ಅಗಲ, ದುಪ್ಪಟ್ಟಾಗುತ್ತದೆ. ರಿಸೀವರ್‌ನ ಫಿಲ್ಟರಿನಲ್ಲಿ ಅದು ಹಿಡಿಸುವುದಿಲ್ಲ, ಗಡಸಾಗಿ ಹರಿದುಬರುತ್ತದೆ. f2ರ ಡೀವಿಯೇಶನ್ ಇದ್ದಷ್ಟೇ ಇರುತ್ತದೆ, ಅದಕ್ಕೇ ಆ ದನಿ ಸರಿಯಾಗಿ ಕೇಳುತ್ತಿತ್ತು. ಯಾವ ಉಪಕರಣವೂ ಇಲ್ಲದೆ ಎರಡರಲ್ಲಿ ದುಪ್ಪಟ್ಟಾದದ್ದು ಯಾವುದು ಎಂದು ಕಿವಿಯೇ ಹೇಳಿಬಿಡುತ್ತದೆ. ನನಗೆ ಈ ಗುರುತು ಬಹಳ ಇಷ್ಟ.

ಆದರೆ ಇದು ತುಕ್ಕಿನಲ್ಲಿ ಹುಟ್ಟಿದ ಕಲಬೆರಕೆಗೂ ಹೊಂದುತ್ತದೆ, ಟವರಿನಲ್ಲಿ ಹುಟ್ಟಿದ್ದಕ್ಕೂ ಹೊಂದುತ್ತದೆ. ಎಲ್ಲಿ ಹುಟ್ಟಿತು ಅನ್ನುವುದನ್ನು ಹೇಳುವುದು ಅಟೆನ್ಯುಯೇಟರ್, ಅಂದರೆ ಸಿಗ್ನಲನ್ನು ಗೊತ್ತಾದ ಅಳತೆಯಷ್ಟು ಕುಗ್ಗಿಸುವ ಪ್ಯಾಡ್. ಆಂಟೆನಾಕ್ಕೂ ಪ್ರೀಆಂಪ್‌ಗೂ ನಡುವೆ 6 ಡಿಬಿಯ ಒಂದು ಪ್ಯಾಡ್ ಹಾಕಬೇಕು. ಕಲಬೆರಕೆ ಹೊರಗಿನಿಂದಲೇ ಬರುತ್ತಿದ್ದರೆ ಅದೂ ಒಂದು ಸಾಮಾನ್ಯ ಸಿಗ್ನಲ್, 6 ಡಿಬಿ ಮಾತ್ರ ಇಳಿಯುತ್ತದೆ. ಪ್ರೀಆಂಪಿನೊಳಗೆ ಹುಟ್ಟುತ್ತಿದ್ದರೆ ಅದನ್ನು ಹುಟ್ಟಿಸುವ ಎರಡೂ ದನಿ 6 ಇಳಿದು, ಅದು 18 ಇಳಿಯುತ್ತದೆ. ಆರಾ, ಹದಿನೆಂಟಾ, ನಡುವೆ ಗೊಂದಲಕ್ಕೆ ಜಾಗವಿಲ್ಲ.

ಪ್ಯಾಡನ್ನು ಎಲ್ಲಿ ಹಾಕುತ್ತೇವೆ ಅನ್ನುವುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮಳೆಯಲ್ಲಿ ಕಂಬ ಹತ್ತುವುದು ಯಾರಿಗೆ ಬೇಕು? ಕೆಳಗೆ ರೇಡಿಯೋ ಹಿಂದೆಯೇ ಸಿಕ್ಕಿಸಿಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಪ್ರೀಆಂಪ್ ಮೊದಲಿನ ಮಟ್ಟದಲ್ಲೇ ದುಡಿಯುತ್ತಿರುತ್ತದೆ, ಕಲೆಸುವುದನ್ನು ಕಲೆಸಿಯೇ ಕಳಿಸುತ್ತದೆ. ಪ್ಯಾಡ್ ಎಲ್ಲವನ್ನೂ 6 ಇಳಿಸುತ್ತದೆ. ನೋಡಿದವರು "ಆರೇ ಇಳಿಯಿತು, ಹಾಗಾದರೆ ಹೊರಗಿನದ್ದು" ಎಂದು ತುಕ್ಕು ಹುಡುಕಲು ಹೊರಟುಬಿಡುತ್ತಾರೆ.

ಅಳತೆಗೆ ಎಸ್-ಮೀಟರ್ ಸಾಲದು. ಎಫ್‌ಎಂ ಸೆಟ್ಟುಗಳಲ್ಲಿ ಅದರ ಮುಳ್ಳು ಡಿಬಿಗೆ ಸರಿಯಾಗಿ ನಡೆಯುವುದಿಲ್ಲ. ಕೈಯಲ್ಲಿ ಹಿಡಿಯುವ ಒಂದು ಸ್ಪೆಕ್ಟ್ರಮ್ ಅನಲೈಜರನ್ನು ಕೇಬಲ್ಲಿನ ಕೆಳತುದಿಗೆ ಹಾಕಿದೆವು, ಅದರ ಒಳ ಅಟೆನ್ಯುಯೇಟರ್ 30 ಡಿಬಿಗೆ ಇಟ್ಟು. ಅನಲೈಜರ್ ಕೂಡ ಒಂದು ನಾನ್‌ಲೀನಿಯರ್ ಪೆಟ್ಟಿಗೆಯೇ, ಅದಕ್ಕೂ ಐಪಿ3 ಇದೆ. ಬಲವಾದ ದನಿ ಕೊಟ್ಟರೆ ಅದೂ ತನ್ನದೇ ಕಲಬೆರಕೆ ಹುಟ್ಟಿಸಿ ನಮಗೆ ತೋರಿಸುತ್ತದೆ. ಅದನ್ನು ಖಚಿತ ಮಾಡಿಕೊಳ್ಳಲು ಒಳ ಅಟೆನ್ಯುಯೇಟರನ್ನು 20ಕ್ಕೂ 30ಕ್ಕೂ ಬದಲಿಸಿ ನೋಡಬೇಕು. ಪರದೆಯ ಮೇಲೆ ಕಲಬೆರಕೆಯ ಓದು ಕದಲದಿದ್ದರೆ ಅದು ಅನಲೈಜರಿನ ಸೃಷ್ಟಿಯಲ್ಲ. ಕದಲಲಿಲ್ಲ.

ಪ್ಯಾಡ್ ಇಲ್ಲದೆ: ಎರಡೂ ದನಿ −11 ಡಿಬಿಎಂ, 145.600ರಲ್ಲಿ −71. ದನಿಗಳ ಓದಿಗೆ ಕೇಬಲ್ಲಿನ 3 ಸೇರಿಸಿ ಗೇನ್ 22 ಕಳೆದರೆ ಆಂಟೆನಾದಲ್ಲಿ −30, ಅಂದಾಜಿಗೆ ಸರಿ. ಕಂಬದ ತುದಿಯಲ್ಲಿ ಪ್ಯಾಡ್ ಹಾಕಿದ ಮೇಲೆ: ದನಿಗಳು −17, 145.600ರಲ್ಲಿ −89. ಹದಿನೆಂಟು. ಕ್ಲಾಂಪ್ ಉಜ್ಜುವುದನ್ನು ನಿಲ್ಲಿಸಿದೆವು.

ಆಮೇಲೆ ಪ್ರೀಆಂಪನ್ನು ಬಿಚ್ಚಿ ಮೈಸೂರಿನಲ್ಲಿ ಪರಿಚಯದವರ ಲ್ಯಾಬಿನ ಮೇಜಿನ ಮೇಲಿಟ್ಟೆವು. ಎರಡು ಸಿಗ್ನಲ್ ಜನರೇಟರ್, ಒಂದು ಕಂಬೈನರ್. ಪ್ರತಿ ಜನರೇಟರ್ ಮುಂದೆ 10 ಡಿಬಿ ಪ್ಯಾಡ್, ಇಲ್ಲದಿದ್ದರೆ ಒಂದರ ಸಿಗ್ನಲ್ ಇನ್ನೊಂದರ ಔಟ್‌ಪುಟ್ಟಿಗೆ ನುಗ್ಗಿ ಅಲ್ಲೇ ಕಲೆತುಬಿಡುತ್ತದೆ. ಒಳಗೆ −30ರ ಎರಡು ದನಿ ಕೊಟ್ಟರೆ ಹೊರಗೆ −8ರ ಎರಡು ದನಿ, ಕಲಬೆರಕೆ −68. ವ್ಯತ್ಯಾಸ 60 ಡಿಬಿ. ಗೆರೆಗಳ ಏರಿನ ವ್ಯತ್ಯಾಸ ಎರಡು, ಹಾಗಾಗಿ 60 ಡಿಬಿ ಅಂತರ ಮುಚ್ಚಲು ಇನ್ನು 30 ಡಿಬಿ ಏರಬೇಕು. −8ಕ್ಕೆ 30 ಸೇರಿಸಿದರೆ +22. ಪೆಟ್ಟಿಗೆಯ ಮೇಲಿನ ಸಂಖ್ಯೆ ಸುಳ್ಳಲ್ಲ, ಆದರೆ ಔಟ್‌ಪುಟ್ಟಿನದು. ಇನ್‌ಪುಟ್ 5 ಡಿಬಿ ಇಳಿಸಿದಾಗ ಕಲಬೆರಕೆ −83ಕ್ಕೆ ಹೋಯಿತು, ಸರಿಯಾಗಿ 15 ಇಳಿಕೆ. ಏರು ಮೂರೇ ಇದೆ ಎಂದು ಹೀಗೆ ಎರಡನೆಯ ಮಟ್ಟದಲ್ಲಿ ನೋಡದೆ ಒಂದೇ ಓದಿನಿಂದ ಐಪಿ3 ಬರೆಯಬಾರದು. ಕಂಪ್ರೆಷನ್ ಹತ್ತಿರ ಅಳೆದಿದ್ದರೆ ಐದನೆಯ ದರ್ಜೆಯ ಪದವೂ ಸೇರಿಕೊಂಡು ಸಂಖ್ಯೆ ಹಾದಿ ತಪ್ಪುತ್ತದೆ.

ರಿಸೀವರ್ ಯಾಕೆ ಸುಮ್ಮನಿತ್ತು

ಮಾಲೀಕರಿಗೆ ಒಂದು ಪ್ರಶ್ನೆ ಉಳಿದಿತ್ತು. ಪ್ರೀಆಂಪ್ ಹಾಕುವ ಮುಂಚೆಯೂ ಆ ಎರಡು ಟ್ರಾನ್ಸ್‌ಮಿಟರ್ ಇದ್ದವು. ಆಗ ರಿಸೀವರ್ ಯಾಕೆ ಕಲೆಸಲಿಲ್ಲ? ಅವರ ಸೆಟ್ ಹಳೆಯ ಕಾಲದ ಕಮರ್ಷಿಯಲ್ ರಿಸೀವರ್. ಅದರ ಮೊದಲ ಟ್ರಾನ್ಸಿಸ್ಟರಿಗೂ ಮುಂಚೆ ಹೆಲಿಕಲ್ ಫಿಲ್ಟರುಗಳ ಸಾಲಿದೆ. 145.600 ದಾಟುತ್ತದೆ, 150.250 ಸುಮಾರು 30 ಡಿಬಿ ಕುಗ್ಗುತ್ತದೆ, 154.900 ಇನ್ನೂ ಜಾಸ್ತಿ. ಬಲವಾದ ದನಿ ಟ್ರಾನ್ಸಿಸ್ಟರನ್ನು ಮುಟ್ಟುವುದೇ ಇಲ್ಲ, ಮುಟ್ಟದಿದ್ದರೆ ಕಲೆಯುವುದೂ ಇಲ್ಲ. ಪ್ರೀಆಂಪ್ ಕೂತದ್ದು ಆ ಫಿಲ್ಟರಿನ ಆಚೆ. ತೋಟದ ಗೇಟಿನಲ್ಲಿ ಕಾವಲುಗಾರನನ್ನು ನಿಲ್ಲಿಸಿ, ಹೊಸ ಬಾಗಿಲನ್ನು ಗೇಟಿನ ಹೊರಗೆ ಕಟ್ಟಿದ ಹಾಗೆ.

ಈಗಿನ ಅಗ್ಗದ ಕೈಸೆಟ್ಟುಗಳಲ್ಲೂ ಯುಎಸ್‌ಬಿ ಡಾಂಗಲ್ ರಿಸೀವರುಗಳಲ್ಲೂ ಇಂಥ ಬಿಗಿ ಫಿಲ್ಟರ್ ಇರುವುದಿಲ್ಲ. ಅಲ್ಲಿ ಲೆಕ್ಕ ಬೇರೆ ಆಗುತ್ತದೆ. ಪ್ರೀಆಂಪಿನ 22 ಡಿಬಿ ಗೇನ್ ದನಿಗಳನ್ನೂ ಎತ್ತಿ ಕೊಡುವುದರಿಂದ ಹಿಂದಿನ ರಿಸೀವರೇ ಮೊದಲು ಸೋಲುತ್ತದೆ. ರಿಸೀವರಿನ ಇನ್‌ಪುಟ್ ಐಪಿ3 −5 ಡಿಬಿಎಂ ಇದ್ದರೆ, ಮುಂದಿರುವ 19 ಡಿಬಿ ನಿವ್ವಳ ಗೇನ್ ಕಳೆದು, ಆಂಟೆನಾದಿಂದ ನೋಡಿದಾಗ ಅದು −24 ಆಗಿಬಿಡುತ್ತದೆ. ಎಂಥ ಒಳ್ಳೆಯ ಪ್ರೀಆಂಪ್ ತಂದರೂ ಆಗ ಪ್ರಯೋಜನವಿಲ್ಲ.

ಏನು ಮಾಡಿದೆವು

ಆ 6 ಡಿಬಿ ಪ್ಯಾಡನ್ನೇ ಬಿಟ್ಟರಾಗದೇ ಎಂದು ಅಕ್ಕನ ಮಗ ಕೇಳಿದ. ಕಲಬೆರಕೆ ಹದಿನೆಂಟು ಇಳಿದದ್ದನ್ನು ಕಣ್ಣಾರೆ ನೋಡಿದ್ದನಲ್ಲ. ಆದರೆ ಪ್ಯಾಡ್ ನಮಗೆ ಬೇಕಾದದ್ದನ್ನೂ 6 ಇಳಿಸುತ್ತದೆ, ಹಾಗಾಗಿ ನಿವ್ವಳ ಲಾಭ 12 ಮಾತ್ರ. ಆಂಟೆನಾ ಮಟ್ಟಕ್ಕೆ ತಂದು ಹೇಳಿದರೆ ಕಲಬೆರಕೆ −102, ರಿಪೀಟರ್ −115. ಇನ್ನೂ 13 ಡಿಬಿ ಸೋಲು. 12 ಡಿಬಿ ಪ್ಯಾಡ್ ಹಾಕಿದರೆ ಇಬ್ಬರೂ ಹೆಚ್ಚುಕಮ್ಮಿ ಸಮ, ಆದರೆ ಅಷ್ಟರಲ್ಲಿ ಗದ್ದಲ −120ಕ್ಕೆ ಏರಿ ರಿಪೀಟರ್ ಅದಕ್ಕಿಂತ ಬರೀ 5 ಡಿಬಿ ಮೇಲೆ. ಪ್ರೀಆಂಪ್ ಇಲ್ಲದಾಗಲೇ 9 ಇತ್ತು! ಪ್ಯಾಡ್ ರೋಗ ಕಂಡುಹಿಡಿಯಲು ಚೆನ್ನ, ಇಲ್ಲಿ ಮದ್ದಲ್ಲ.

ಹೆಚ್ಚು ಐಪಿ3 ಇರುವ ಪ್ರೀಆಂಪ್ ತರಬಹುದಿತ್ತು. ಕಲಬೆರಕೆ −132ಕ್ಕೆ ಇಳಿಯಬೇಕಾದರೆ ಇನ್‌ಪುಟ್ ಐಪಿ3 +21 ಬೇಕು. 22 ಡಿಬಿ ಗೇನ್ ಇಟ್ಟುಕೊಂಡರೆ ಔಟ್‌ಪುಟ್ಟಿನಲ್ಲಿ +43. ಅಂಥದ್ದು ಕಂಬದ ಮೇಲೆ ಸಣ್ಣ ಪೆಟ್ಟಿಗೆಯಲ್ಲಿ ಕೂರುವ ವಸ್ತುವಲ್ಲ, ಕರೆಂಟೂ ಜಾಸ್ತಿ ಕುಡಿಯುತ್ತದೆ, ಬಿಸಿಯೂ ಆಗುತ್ತದೆ.

ಉಳಿದದ್ದು ಪ್ರೀಆಂಪಿಗೂ ಮುಂಚೆ ಫಿಲ್ಟರ್. 145.600ಕ್ಕೂ 150.250ಕ್ಕೂ ಅಂತರ ಶೇಕಡಾ ಮೂರು ಚಿಲ್ಲರೆ ಅಷ್ಟೆ. ಒಂದು ಆವರ್ತನವನ್ನು ಮಾತ್ರ ತಡೆಯುವ ನಾಚ್ ಫಿಲ್ಟರನ್ನು ಕೋಆಕ್ಸ್ ಕೇಬಲ್ ತುಂಡಿನಿಂದ ಮಾಡಿದರೆ ಅದು ಇಷ್ಟು ಹತ್ತಿರದಲ್ಲಿ ನಮ್ಮ ಸಿಗ್ನಲನ್ನೂ ತಿಂದುಬಿಡುತ್ತದೆ. ಕ್ಯಾವಿಟಿಯೇ ಬೇಕು: ಅಗಲವಾದ ತಾಮ್ರದ ಕೊಳವೆಯೊಳಗೆ ಕಾಲು ತರಂಗದಷ್ಟು ಉದ್ದದ ಒಂದು ಸರಳು. 145.600ಕ್ಕೆ ಕಾಲು ತರಂಗ ಎಂದರೆ 51.5 ಸೆಂಟಿಮೀಟರ್. ಸರಳಿನ ತುದಿಯ ಕೆಪಾಸಿಟೆನ್ಸ್ ಇರುವುದರಿಂದ ಅದಕ್ಕಿಂತ ತುಸು ಗಿಡ್ಡ ಕತ್ತರಿಸಿ, ಉಳಿದದ್ದನ್ನು ಮೇಲಿನ ಸ್ಕ್ರೂನಲ್ಲಿ ಟ್ಯೂನ್ ಮಾಡಬೇಕು. ಒಳಗೆ, ಹೊರಗೆ ಒಂದೊಂದು ತಂತಿಯ ಲೂಪ್. ಲೂಪ್ ದೊಡ್ಡದಾದಷ್ಟು ನಷ್ಟ ಕಡಿಮೆ, ಆದರೆ ಫಿಲ್ಟರ್ ಸಡಿಲ. ಫಿಲ್ಟರ್ ಎಷ್ಟು ಬಿಗಿ ಎಂದು ಹೇಳುವ ಲೋಡೆಡ್ ಕ್ಯೂ ಅನ್ನು ನಾವು 150ಕ್ಕೆ ತಂದು ನಿಲ್ಲಿಸಿದೆವು. 145.600ರಲ್ಲಿ 1 ಡಿಬಿ ನಷ್ಟ, 150.250ರಲ್ಲಿ 20 ಹತ್ತಿರ, 154.900ರಲ್ಲಿ 25.

ಈಗ ಎರಡು ದನಿಗಳ ಮಟ್ಟ ಬೇರೆ ಬೇರೆ. ಸೂತ್ರ ಸ್ವಲ್ಪ ಬದಲಾಗುತ್ತದೆ:

```
P(2f1 − f2) = 2·P1 + P2 − 2·IIP3
            = 2 × (−50) + (−55) − 0 = −155 dBm
```

−90ರಲ್ಲಿದ್ದದ್ದು −155ಕ್ಕೆ, ಗದ್ದಲಕ್ಕಿಂತಲೂ ಬಹಳ ಕೆಳಗೆ. ಸೂತ್ರದಲ್ಲಿ f1ಗೆ ಎರಡು ಪಾಲು ಇದೆ ನೋಡಿ. ಅದನ್ನು 10 ಡಿಬಿ ಕುಗ್ಗಿಸಿದರೆ ಕಲಬೆರಕೆ 20 ಇಳಿಯುತ್ತದೆ. f2ನ್ನು ಕುಗ್ಗಿಸಿದರೆ ಬರೀ 10. ಆದ್ದರಿಂದ ಒಂದನ್ನೇ ತಡೆಯಲು ಸಾಧ್ಯವಿದ್ದರೆ ದುಪ್ಪಟ್ಟಾಗುವುದನ್ನೇ ತಡೆಯಬೇಕು, ಒಡೆದ ದನಿಯವನನ್ನು.

ಕ್ಯಾವಿಟಿ ಪ್ರೀಆಂಪಿಗಿಂತ ಮುಂದೆಯೇ ಇರಬೇಕು, ಹಾಗಾದರೆ ಅದೂ ಕಂಬ ಹತ್ತಬೇಕೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಸುರಿಯುವ ಮಳೆಗೆ ಒಳಗೆ ತೇವ ಸೇರಿದರೆ ಟ್ಯೂನಿಂಗ್ ಸರಿಯುತ್ತದೆ, ಸರಳಿಗೆ ಕಿಲುಬು ಹಿಡಿದರೆ ನಷ್ಟ ಏರುತ್ತದೆ. ಹಾಗಾಗಿ ಪ್ರೀಆಂಪನ್ನೇ ಕೆಳಗಿಳಿಸಿ, ಎರಡನ್ನೂ ಮನೆಯ ಅಟ್ಟದಲ್ಲಿ ಇಟ್ಟೆವು. ಆಂಟೆನಾದಿಂದ ಅಟ್ಟದವರೆಗಿನ ಕೇಬಲ್ಲಿಗೆ 1 ಡಿಬಿ, ಕ್ಯಾವಿಟಿಗೆ 1, ಪ್ರೀಆಂಪಿಗೆ 1. ನಾಯ್ಸ್ ಫಿಗರ್ 3, ಗದ್ದಲ −130. ರಿಪೀಟರ್ ಅದಕ್ಕಿಂತ 15 ಡಿಬಿ ಮೇಲೆ. ಕಂಬದ ತುದಿಯಲ್ಲೇ ಇಟ್ಟಿದ್ದರೆ 16 ಸಿಗುತ್ತಿತ್ತು. ಒಂದು ಡಿಬಿಗಾಗಿ ಮಳೆಯಲ್ಲಿ ಕಂಬ ಹತ್ತುವುದು ನನಗಂತೂ ದುಬಾರಿ ಅನ್ನಿಸುತ್ತದೆ.

ಅನಲೈಜರ್ ಹಾಕಿ, ಎದುರಿನ ಎರಡೂ ದನಿ ಒಟ್ಟಿಗೆ ಬರುವವರೆಗೆ ಕಾದೆವು. 145.600ರಲ್ಲಿ ಏನೂ ಏಳಲಿಲ್ಲ. ರಿಪೀಟರ್ ಬಂದಾಗ ಕರಕರ ಇಲ್ಲದೆ ಬಂತು. ದೂರಿನ ಕಾಗದ ಬರೆಯುವ ಪ್ರಮೇಯವೇ ಬರಲಿಲ್ಲ, ಯಾಕೆಂದರೆ ಎದುರಿನವರು ನಮ್ಮ ಚಾನೆಲ್ಲಿನಲ್ಲಿ ಒಂದು ಮಾತೂ ಆಡಿರಲಿಲ್ಲ.

ಈ ವ್ಯವಸ್ಥೆಗೆ ಎರಡು ಮಿತಿ ಇವೆ, ಮಾಲೀಕರಿಗೆ ಹೇಳಿ ಬಂದಿದ್ದೇನೆ. ಈ ಕ್ಯಾವಿಟಿ 145.600ರ ಆಸುಪಾಸಿಗೆ ಮಾತ್ರ. ಬ್ಯಾಂಡಿನ ಕೆಳತುದಿ 144ಕ್ಕೆ ಹೋದರೆ ಅಲ್ಲಿ ಹತ್ತು ಡಿಬಿಗೂ ಜಾಸ್ತಿ ನಷ್ಟ, ಸ್ಕ್ರೂ ತಿರುಗಿಸಿ ಮತ್ತೆ ಟ್ಯೂನ್ ಮಾಡಬೇಕು. ಇನ್ನೊಂದು, ಎದುರು ಟವರಿಗೆ ಮೂರನೆಯ ಟ್ರಾನ್ಸ್‌ಮಿಟರ್ ಬಂದರೆ ಜೋಡಿಗಳ ಲೆಕ್ಕ ಮಾತ್ರ ಸಾಲದು. f1+f2−f3 ಥರದ ಕಲಬೆರಕೆಯೂ ಹುಟ್ಟುತ್ತದೆ, ಸಮ ಬಲದ ದನಿಗಳಲ್ಲಿ ಅದು 2f1−f2ಗಿಂತ 6 ಡಿಬಿ ಜೋರು. ಹೊಸ ಆವರ್ತನ 150ರ ಆಚೆ ಇದ್ದರೆ ಕ್ಯಾವಿಟಿ ತಡೆಯುತ್ತದೆ. 146ಕ್ಕೆ ಹತ್ತಿರ ಇದ್ದರೆ ಇದೇ ಥರದ ಎರಡನೆಯ ಕ್ಯಾವಿಟಿಯನ್ನು ಇದರ ಹಿಂದೆ ಸೇರಿಸಬೇಕಾಗುತ್ತದೆ, ಇನ್ನೊಂದು ಡಿಬಿ ಕಳೆದುಕೊಂಡು. ತಾಮ್ರದ ಕೊಳವೆ ಒಂದು ತುಂಡು ಮಿಕ್ಕಿದೆ, ಅದನ್ನು ಗುಜರಿಗೆ ಹಾಕಬೇಡಿ ಎಂದು ಹೇಳಿದ್ದೇನೆ.